ಜಿರಾಫೆಯ ತಲೆಗೆ ರಕ್ತ ಏರುವ ಬಗೆ

ಜಿರಾಫೆಯನ್ನು ನೀವು ಚಿತ್ರದಲ್ಲಾದರೂ ಮೈಸೂರಿನ ಮೃಗಾಲಯದಲ್ಲಾದರೂ ನೋಡಿರುತ್ತೀರಿ. ನೋಡಿದವರ ಕಣ್ಣು ಮೊದಲು ಹೋಗುವುದು ಅದರ ಕತ್ತಿನ ಕಡೆಗೆ; ಅದರ ಹೃದಯ ಎಲ್ಲಿರಬಹುದೆಂದು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ನಾವು ಅಲ್ಲಿಂದಲೇ ಆರಂಭಿಸೋಣ. ಜಿರಾಫೆಯ ಹೃದಯವಿರುವುದು ಎದೆಗೂಡಿನಲ್ಲಿ, ಮುಂಗಾಲುಗಳು ದೇಹಕ್ಕೆ ಸೇರುವ ಕಡೆ. ದೊಡ್ಡ ಪ್ರಾಣಿಯಾದರೆ ಆ ಜಾಗ ನೆಲದಿಂದ ಸುಮಾರು ಎರಡು ಮೀಟರ್ ಎತ್ತರದಲ್ಲಿರುತ್ತದೆ. ಮೆದುಳು ಅಲ್ಲಿಂದ ಮತ್ತೆ ಎರಡು ಮೀಟರಿನಷ್ಟು ಮೇಲಿರುತ್ತದೆ. ರಕ್ತ ಆ ಎತ್ತರವನ್ನು ಹಗಲೂ ರಾತ್ರಿ, ಒಂದು ಗಳಿಗೆಯೂ ತಪ್ಪದೆ ಏರುತ್ತಿರಬೇಕು. ಅದು ಹೇಗೆ ಸಾಧ್ಯ ಎಂಬುದೊಂದೇ ಈ ಲೇಖನದ ಪ್ರಶ್ನೆ. ಉತ್ತರ ತಿಳಿಯಲು ನೀವು ಜೀವಶಾಸ್ತ್ರ ಓದಿರಬೇಕಾಗಿಲ್ಲ. ಕೂಡುವ, ಕಳೆಯುವ, ಗುಣಿಸುವ ಲೆಕ್ಕ ಬಂದರೆ ಸಾಕು.

ಮೊದಲು ಮೂರು ಪದಗಳ ಪರಿಚಯ ಮಾಡಿಕೊಳ್ಳೋಣ. ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವ ನಾಳಕ್ಕೆ ಅಪಧಮನಿ ಎಂದು ಹೆಸರು. ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳ ಅಭಿಧಮನಿ. ಅಪಧಮನಿಯ ಗೋಡೆ ದಪ್ಪ, ಗಟ್ಟಿ. ಅಭಿಧಮನಿಯ ಗೋಡೆ ತೆಳು, ಮೆದು. ಒಳಗೆ ರಕ್ತ ಕಡಿಮೆಯಾದರೆ ಅದು ಚಪ್ಪಟೆಯಾಗಿಬಿಡುತ್ತದೆ. ಈ ಚಪ್ಪಟೆಯಾಗುವ ಗುಣವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಮೂರನೆಯ ಪದ ರಕ್ತದೊತ್ತಡ. ರಕ್ತ ತಾನು ಹರಿಯುವ ನಾಳದ ಗೋಡೆಯನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದರ ಅಳತೆ ಅದು. ವೈದ್ಯರು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ. ಅದೇ.

ಒತ್ತಡವೆಂಬುದು ಕಣ್ಣಿಗೆ ಕಾಣದ ವಸ್ತು. ಅದನ್ನು ಕಾಣುವಂತೆ ಮಾಡಿದವನು ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಅವನು ಒಂದು ಕುದುರೆಯನ್ನು ನೆಲಕ್ಕೆ ಕೆಡವಿ ಕಟ್ಟಿಸಿ, ಅದರ ಅಪಧಮನಿಗೆ ಉದ್ದನೆಯ ಗಾಜಿನ ನಳಿಕೆಯನ್ನು ನೆಟ್ಟಗೆ ಜೋಡಿಸಿದ. ರಕ್ತ ನಳಿಕೆಯೊಳಗೆ ಏರುತ್ತ ಏರುತ್ತ ಎಂಟು ಅಡಿ ಮೂರು ಅಂಗುಲದ ಎತ್ತರಕ್ಕೆ ಹೋಗಿ ನಿಂತಿತು. ಈ ಪ್ರಯೋಗದ ವಿವರವನ್ನು ಅವನು 1733ರಲ್ಲಿ ಪ್ರಕಟಿಸಿದ. ನೋವಿನಲ್ಲಿ, ಭಯದಲ್ಲಿ ಇದ್ದ ಕುದುರೆಯ ಒತ್ತಡ ಅದು. ನೆಮ್ಮದಿಯಾಗಿ ನಿಂತ ಕುದುರೆಯಲ್ಲಿ ಅಷ್ಟಿರುವುದಿಲ್ಲ. ಪ್ರಯೋಗ ಕ್ರೂರವಾದದ್ದೇ, ಸಂದೇಹವಿಲ್ಲ. ಆದರೆ ಅದರಿಂದ ಒಂದು ವಿಷಯ ಸ್ಪಷ್ಟವಾಯಿತು. ಹೃದಯದ ಒತ್ತಡವನ್ನು ಎತ್ತರದ ಲೆಕ್ಕದಲ್ಲಿ ಹೇಳಬಹುದು: ಇಷ್ಟು ಒತ್ತಡವಿದ್ದರೆ ರಕ್ತ ಇಷ್ಟು ಎತ್ತರ ಏರುತ್ತದೆ, ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಈಗ ಹೇಲ್ಸನ ಎತ್ತರವನ್ನು ವೈದ್ಯರ ಸಂಖ್ಯೆಗೆ ಹೊಂದಿಸೋಣ. ವೈದ್ಯರು ರಕ್ತದ ಬದಲು ಪಾದರಸದ ಎತ್ತರವನ್ನು ಅಳತೆಗೆ ಇಟ್ಟುಕೊಂಡಿದ್ದಾರೆ. ಪಾದರಸ ತುಂಬ ಭಾರವಾದ ದ್ರವವಾದ್ದರಿಂದ ಅಷ್ಟೇ ಒತ್ತಡಕ್ಕೆ ಅದು ಸ್ವಲ್ಪವೇ ಏರುತ್ತದೆ. ರಕ್ತ ಒಂದು ಮೀಟರ್ ಏರುವ ಒತ್ತಡಕ್ಕೆ ಪಾದರಸ ಏರುವುದು ಸುಮಾರು 78 ಮಿಲಿಮೀಟರ್ ಮಾತ್ರ. ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ ಸಂಖ್ಯೆ ಇದೊಂದೇ. ರಕ್ತ ಒಂದು ಮೀಟರ್ ಮೇಲಕ್ಕೆ ಹೋದರೆ ಅದರ ಒತ್ತಡದಲ್ಲಿ 78 ಕಳೆಯಿರಿ. ಒಂದು ಮೀಟರ್ ಕೆಳಕ್ಕೆ ಇಳಿದರೆ 78 ಕೂಡಿಸಿ. ಇನ್ನು ಮುಂದೆ ನಾನು ಒತ್ತಡದ ಸಂಖ್ಯೆಯನ್ನಷ್ಟೇ ಹೇಳುತ್ತೇನೆ. ಅದು ಪಾದರಸದ ಮಿಲಿಮೀಟರ್ ಎಂದು ತಿಳಿದುಕೊಳ್ಳಿ.

ಜಿರಾಫೆಗೆ ಹೋಗುವ ಮುನ್ನ ಈ ಲೆಕ್ಕವನ್ನು ನಿಮ್ಮ ಮೇಲೆಯೇ ಮಾಡಿ ನೋಡೋಣ. ಆರೋಗ್ಯವಂತರ ರಕ್ತದೊತ್ತಡ 120/80 ಎಂದು ಕೇಳಿದ್ದೀರಿ. ಹೃದಯ ಹಿಂಡಿಕೊಂಡಾಗಿನ ಒತ್ತಡ 120, ಸಡಿಲಾಗಿ ರಕ್ತ ತುಂಬಿಕೊಳ್ಳುವಾಗಿನ ಒತ್ತಡ 80. ಹೃದಯ ಹಿಂಡುವುದಕ್ಕಿಂತ ಸಡಿಲಾಗಿರುವ ಹೊತ್ತೇ ಹೆಚ್ಚು. ಆದ್ದರಿಂದ ಸರಾಸರಿ ನೂರಲ್ಲ, ಸುಮಾರು 93. ನೀವು ಕುಳಿತಾಗ ಅಥವಾ ನಿಂತಾಗ ಮೆದುಳು ಹೃದಯಕ್ಕಿಂತ ಸುಮಾರು 30 ಸೆಂಟಿಮೀಟರ್ ಮೇಲಿರುತ್ತದೆ. ಅಷ್ಟು ಏರಲು ತಗಲುವ ಖರ್ಚು ಸುಮಾರು 23. ಮೆದುಳಿಗೆ ಉಳಿಯುವುದು 70. ಅದು ಧಾರಾಳವಾಗಿ ಸಾಕು.

ಈಗ ನಿಮ್ಮದೇ ಹೃದಯ, ನಿಮ್ಮದೇ ಒತ್ತಡ, ಆದರೆ ಕತ್ತು ಮಾತ್ರ ಜಿರಾಫೆಯದು ಎಂದು ಊಹಿಸಿಕೊಳ್ಳಿ. 93ನ್ನು 78ರಿಂದ ಭಾಗಿಸಿದರೆ ಬರುವುದು 1.2. ಅಂದರೆ ನಿಮ್ಮ ಹೃದಯ ರಕ್ತವನ್ನು ಹೆಚ್ಚೆಂದರೆ 1.2 ಮೀಟರ್ ಎತ್ತರಕ್ಕೆ ಕಳಿಸಬಲ್ಲದು. ಎರಡು ಮೀಟರ್ ಮೇಲಿರುವ ಮೆದುಳಿಗೆ ಇನ್ನೂ 80 ಸೆಂಟಿಮೀಟರ್ ಇರುವಾಗಲೇ ರಕ್ತ ನಿಂತುಬಿಡುತ್ತದೆ. ಮನುಷ್ಯರಲ್ಲಿ ಮೆದುಳಿಗೆ ರಕ್ತ ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಜಿರಾಫೆಯ ಸಮಸ್ಯೆ ಎಷ್ಟು ದೊಡ್ಡದೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇದಕ್ಕೆ ಜಿರಾಫೆಯ ಉತ್ತರ ನೇರವಾದದ್ದು: ಒತ್ತಡವನ್ನೇ ಹೆಚ್ಚಿಸಿಕೊಳ್ಳುವುದು. ಹೃದಯದ ಮಟ್ಟದಲ್ಲಿ ಅಳೆದರೆ ಬೆಳೆದ ಜಿರಾಫೆಯ ಸರಾಸರಿ ರಕ್ತದೊತ್ತಡ ಸುಮಾರು 200. ಮನುಷ್ಯರದಕ್ಕಿಂತ, ಬೇರೆ ಬಹುಪಾಲು ಸಸ್ತನಿಗಳದಕ್ಕಿಂತ ಇದು ಎರಡು ಪಟ್ಟು. ಈ ಸಂಗತಿಯನ್ನು 1950ರ ದಶಕದಲ್ಲಿ ಮೊದಲಿಗೆ ಗಂಭೀರವಾಗಿ ಅಳೆಯಲು ಹೊರಟವರಲ್ಲಿ ಮುಖ್ಯರಾದವರು ರಾಬರ್ಟ್ ಗೆಟ್ಸ್. ಜರ್ಮನಿಯಲ್ಲಿ ಹುಟ್ಟಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯರು ಅವರು. ಮುಂದೆ ನ್ಯೂಯಾರ್ಕಿಗೆ ಹೋಗಿ 1960ರಲ್ಲಿ ಮನುಷ್ಯನ ಹೃದಯಕ್ಕೆ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ಮಾಡಿದ ಮೊದಲಿಗರೂ ಇವರೇ ಎಂಬುದು ನಮ್ಮ ವಿಷಯಕ್ಕೆ ಸೇರದಿದ್ದರೂ ಹೇಳಬೇಕಾದ ಮಾತು. 1966ರಲ್ಲಿ ಅಮೆರಿಕದ ವಿಜ್ಞಾನಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಒತ್ತಡ ಅಳೆಯುವ ಚಿಕ್ಕ ಉಪಕರಣವನ್ನು ಕಾಡು ಜಿರಾಫೆಗಳ ಕತ್ತಿನ ಅಪಧಮನಿಯಲ್ಲಿ ಇರಿಸಿ, ಪ್ರಾಣಿ ತನ್ನಷ್ಟಕ್ಕೆ ಓಡಾಡುತ್ತಿರುವಾಗಲೇ ರೇಡಿಯೊ ಮೂಲಕ ಸಂಖ್ಯೆಗಳನ್ನು ಪಡೆದು ಪ್ರಕಟಿಸಿದರು.

ಇಷ್ಟು ಒತ್ತಡ ಎಲ್ಲಿಂದ ಬರುತ್ತದೆ? ಇಲ್ಲಿ ಬಹಳ ಜನ ಕೊಡುವ ಉತ್ತರ ಒಂದಿದೆ: ಜಿರಾಫೆಗೆ ದೈತ್ಯ ಹೃದಯವಿದೆ. ಎಷ್ಟೋ ಪುಸ್ತಕಗಳಲ್ಲಿಯೂ ಹೀಗೇ ಬರೆದಿರುತ್ತಾರೆ. ಅದು ತಪ್ಪು. ಗ್ರಹಾಂ ಮಿಚೆಲ್ ಮತ್ತು ಜಾನ್ ಸ್ಕಿನ್ನರ್ ಎಂಬ ವಿಜ್ಞಾನಿಗಳು ಬೇರೆ ಬೇರೆ ವಯಸ್ಸಿನ ಜಿರಾಫೆಗಳ ಹೃದಯಗಳನ್ನು ತೂಗಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೃದಯದ ತೂಕ ದೇಹದ ತೂಕದ ಶೇಕಡಾ 0.5ರಷ್ಟು. ಬೇರೆ ಸಸ್ತನಿಗಳಲ್ಲಿಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಗಾತ್ರ ಸಾಧಾರಣವಾದರೂ ಆಕಾರ ಬೇರೆ.

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಇಡೀ ದೇಹಕ್ಕೆ ರಕ್ತ ದೂಡುವ ಕೋಣೆಯನ್ನು ಎಡ ಹೃತ್ಕುಕ್ಷಿ ಎನ್ನುತ್ತಾರೆ. ಅದರ ಗೋಡೆ ಪೂರ್ತಿ ಸ್ನಾಯು. ಒಳಗಿನ ಒತ್ತಡ ಎರಡು ಪಟ್ಟಾದರೆ ಆ ಗೋಡೆಯ ಒಂದೊಂದು ಸ್ನಾಯು ಎಳೆಯ ಮೇಲೂ ಎರಡು ಪಟ್ಟು ಹೊರೆ ಬೀಳುತ್ತದೆ. ಹೊರೆಯನ್ನು ಹಳೆಯ ಮಟ್ಟಕ್ಕೆ ಇಳಿಸಲು ಎರಡು ದಾರಿಗಳಿವೆ. ಗೋಡೆಯನ್ನು ದಪ್ಪ ಮಾಡಿದರೆ ಅದೇ ಹೊರೆಯನ್ನು ಹೆಚ್ಚು ಎಳೆಗಳು ಹಂಚಿಕೊಳ್ಳುತ್ತವೆ. ಒಳಗಿನ ಕೋಣೆಯನ್ನು ಕಿರಿದು ಮಾಡಿದರೂ ಹೊರೆ ತಗ್ಗುತ್ತದೆ, ಏಕೆಂದರೆ ಒಂದೇ ಒತ್ತಡವಿದ್ದರೂ ಅಗಲವಾದ ಪಾತ್ರೆಯ ಗೋಡೆಗೆ ಬೀಳುವ ಸೆಳೆತ ಕಿರಿದಾದ ಪಾತ್ರೆಯ ಗೋಡೆಗಿಂತ ಹೆಚ್ಚು. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಹೆಸರಿನಲ್ಲಿ ಈ ನಿಯಮವಿದೆ. ಜಿರಾಫೆಯ ಹೃದಯ ಎರಡೂ ದಾರಿಗಳನ್ನು ಹಿಡಿದಿದೆ. ಗೋಡೆ ತುಂಬ ದಪ್ಪ, ಕೋಣೆ ಚಿಕ್ಕದು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕೋಣೆ ಚಿಕ್ಕದಾದರೆ ಪ್ರತಿ ಬಡಿತಕ್ಕೆ ಹೊರಬೀಳುವ ರಕ್ತವೂ ಕಡಿಮೆ. ಒತ್ತಡವೆಂಬುದು ಹೃದಯವೊಂದರಿಂದಲೇ ಹುಟ್ಟುವುದಿಲ್ಲ ಎಂಬ ಮಾತನ್ನು ಇಲ್ಲಿ ಸೇರಿಸಬೇಕು. ಹೃದಯ ದೂಡಿದ ರಕ್ತಕ್ಕೆ ದೇಹದ ತುಂಬ ಹರಡಿರುವ ಸಣ್ಣ ಅಪಧಮನಿಗಳು ಅಡ್ಡಿ ಒಡ್ಡಬೇಕು. ಆಗಲೇ ಒತ್ತಡ ಏರುವುದು. ಜಿರಾಫೆಯಲ್ಲಿ ಈ ಸಣ್ಣ ನಾಳಗಳು ಬಿಗಿಯಾಗಿರುತ್ತವೆ. ಹೊರಬೀಳುವ ರಕ್ತ ಹೆಚ್ಚಿಲ್ಲದಿದ್ದರೂ ಅಡ್ಡಿ ಹೆಚ್ಚಿರುವುದರಿಂದ ಒತ್ತಡ 200ಕ್ಕೆ ಮುಟ್ಟುತ್ತದೆ.

ಮಿಚೆಲ್ ಮತ್ತು ಸ್ಕಿನ್ನರ್ ಕಂಡುಕೊಂಡ ಇನ್ನೊಂದು ವಿಷಯ ನನಗೆ ಅದಕ್ಕಿಂತಲೂ ಇಷ್ಟವಾದದ್ದು. ಹುಟ್ಟಿದ ಮರಿ ಸುಮಾರು 1.8 ಮೀಟರ್ ಎತ್ತರವಿರುತ್ತದೆ; ಅದರ ಕತ್ತು ತಾಯಿಯ ಕತ್ತಿನ ಹಾಗೆ ಉದ್ದವಿರುವುದಿಲ್ಲ. ಕತ್ತು ಬೆಳೆಯುತ್ತ ಹೋದಂತೆ ಹೃದಯದ ಗೋಡೆಯೂ ದಪ್ಪವಾಗುತ್ತ ಹೋಗುತ್ತದೆ: ಕತ್ತು 15 ಸೆಂಟಿಮೀಟರ್ ಬೆಳೆದಾಗಲೆಲ್ಲ ಗೋಡೆ ಸುಮಾರು ಅರ್ಧ ಸೆಂಟಿಮೀಟರ್ ದಪ್ಪವಾಗುತ್ತದೆ. ಅಂದರೆ ಜಿರಾಫೆಯ ಒತ್ತಡ ಅದರ ಎತ್ತರದ ಜೊತೆಜೊತೆಗೇ ಏರುತ್ತದೆ.

ಬಿ.ಪಿ. ಹೆಚ್ಚಿರುವ ಮನುಷ್ಯರಲ್ಲೂ ಹೃದಯದ ಗೋಡೆ ದಪ್ಪವಾಗುತ್ತದಲ್ಲ, ಅವರಿಗೇಕೆ ಅದು ಕಾಯಿಲೆ, ಜಿರಾಫೆಗೇಕೆ ಅಲ್ಲ ಎಂದು ನೀವು ಕೇಳಬಹುದು. ತರಗತಿಯಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮನುಷ್ಯರಲ್ಲಿ ದಪ್ಪವಾದ ಗೋಡೆಯೊಳಗೆ ನಾರಿನಂಥ ಅಂಗಾಂಶ ಬೆಳೆದು ಹೃದಯ ಪೆಡಸಾಗುತ್ತದೆ, ಸಡಿಲಗೊಂಡು ರಕ್ತ ತುಂಬಿಕೊಳ್ಳಲು ಅದಕ್ಕೆ ಕಷ್ಟವಾಗುತ್ತದೆ. ಜಿರಾಫೆಯ ಹೃದಯ ಹೀಗೆ ಪೆಡಸಾಗುವುದಿಲ್ಲ. ಇದರ ಒಂದು ಎಳೆ 2021ರಲ್ಲಿ ಸಿಕ್ಕಿತು. ಜಿರಾಫೆಯಲ್ಲಿ ಬಹಳ ಬದಲಾಗಿರುವ ಒಂದು ಜೀನನ್ನು ಇಲಿಗಳಲ್ಲಿ ಅದೇ ರೀತಿ ಬದಲಾಯಿಸಿ, ಒತ್ತಡ ಏರಿಸುವ ಔಷಧ ಕೊಟ್ಟಾಗ, ಆ ಇಲಿಗಳ ಹೃದಯಕ್ಕೂ ಮೂತ್ರಪಿಂಡಕ್ಕೂ ಸಾಮಾನ್ಯ ಇಲಿಗಳಿಗಿಂತ ಕಡಿಮೆ ಹಾನಿಯಾಯಿತು. ಅದು ಒಂದು ಎಳೆ ಮಾತ್ರ. ಪೂರ್ತಿ ಕಥೆ ಆ ಒಂದು ಜೀನಿನಲ್ಲಿ ಮುಗಿಯುವುದಿಲ್ಲ.

ಇಲ್ಲಿಯವರೆಗೆ ರಕ್ತ ಮೇಲೆ ಏರುವುದನ್ನು ಮಾತ್ರ ನೋಡಿದೆವು. ಏರಿದ ರಕ್ತ ಇಳಿಯಲೂ ಬೇಕಲ್ಲ. ಆ ಇಳಿಯುವ ರಕ್ತದಿಂದ ಏರುವ ರಕ್ತಕ್ಕೆ ಸಹಾಯ ಸಿಗುತ್ತದೆಯೇ ಎಂಬುದರ ಮೇಲೆ 1980ರ ದಶಕದಿಂದ ದೊಡ್ಡ ವಾದವೇ ನಡೆಯಿತು. ವಾದ ಅರ್ಥವಾಗಬೇಕಾದರೆ ಸೈಫನ್ ಎಂದರೇನು ಎಂದು ತಿಳಿದಿರಬೇಕು. ಡ್ರಮ್ಮಿನಿಂದ ನೀರು ತೆಗೆಯಲು ಒಂದು ಪೈಪನ್ನು ಅದರೊಳಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಬಾಯಿಂದ ಎಳೆದು ಕೆಳಗೆ ಬಿಡುವುದನ್ನು ನೀವು ನೋಡಿರುತ್ತೀರಿ. ಒಮ್ಮೆ ನೀರು ಬರತೊಡಗಿದರೆ ಸಾಕು, ಡ್ರಮ್ಮಿನ ಅಂಚಿನವರೆಗೆ ತಾನಾಗಿಯೇ ಏರಿ ಆಚೆ ಇಳಿಯುತ್ತದೆ. ಇಳಿಯುವ ಕಡೆಯ ನೀರಿನ ಭಾರವೇ ಏರುವ ಕಡೆಯ ನೀರನ್ನು ಎಳೆದುಕೊಳ್ಳುತ್ತದೆ. ಜಿರಾಫೆಯ ಕತ್ತಿನಲ್ಲೂ ಹೀಗೇ ಆಗುತ್ತದೆ, ಅಭಿಧಮನಿಯಲ್ಲಿ ಇಳಿಯುವ ರಕ್ತ ಅಪಧಮನಿಯಲ್ಲಿ ಏರುವ ರಕ್ತವನ್ನು ಸೆಳೆಯುತ್ತದೆ, ಹೃದಯ ಎತ್ತರದ ಭಾರವನ್ನು ಹೊರಬೇಕಾಗಿಯೇ ಇಲ್ಲ ಎಂದು ಒಂದು ಪಕ್ಷ ಹೇಳಿತು.

ಇನ್ನೊಂದು ಪಕ್ಷದ ಆಕ್ಷೇಪಣೆ ಸರಳವಾಗಿತ್ತು. ಸೈಫನ್ ಕೆಲಸ ಮಾಡಲು ಪೈಪು ಗಟ್ಟಿಯಾಗಿರಬೇಕು. ಇಳಿಯುವ ಕಡೆ ಸೆಳೆತ ಉಂಟಾದಾಗ ಪೈಪಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಮೆತ್ತನೆಯ ಪೈಪಾದರೆ ಆಗ ಅಮುಕಿಕೊಂಡು ಮುಚ್ಚಿಹೋಗುತ್ತದೆ, ಸೆಳೆತ ಅಲ್ಲಿಗೇ ನಿಲ್ಲುತ್ತದೆ. ಅಭಿಧಮನಿ ಮೆದುವಾದ, ಚಪ್ಪಟೆಯಾಗುವ ನಾಳವೆಂದು ನೆನಪಿಡಲು ಹೇಳಿದ್ದೆನಲ್ಲ, ಅದು ಇದಕ್ಕೇ.

ಇಂಥ ವಾದವನ್ನು ಮಾತಿನಿಂದ ತೀರಿಸಲು ಆಗುವುದಿಲ್ಲ, ಅಳೆಯಬೇಕು. ಡೆನ್ಮಾರ್ಕಿನ ವಿಜ್ಞಾನಿಗಳು ಮುಖ್ಯವಾಗಿದ್ದ ಒಂದು ತಂಡ ಐದು ಜಿರಾಫೆಗಳಿಗೆ ಅರಿವಳಿಕೆ ಕೊಟ್ಟು, ಅವನ್ನು ನೆಟ್ಟಗೆ ನಿಂತ ಭಂಗಿಯಲ್ಲಿ ತೂಗುಹಾಕಿ, ತಲೆಯನ್ನು ಇಳಿಸಿ ಏರಿಸಿ ಅಳತೆ ಮಾಡಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಅದರ ಸಂಖ್ಯೆಗಳನ್ನು ನಾವಿಬ್ಬರೂ ಕೂಡಿ ನಿಧಾನವಾಗಿ ಓದೋಣ.

ಮೊದಲು ತಲೆ ಮೇಲಿರುವಾಗಿನ ಸ್ಥಿತಿ. ಹೃದಯದ ಮಟ್ಟದಲ್ಲಿ ಅಪಧಮನಿಯ ಸರಾಸರಿ ಒತ್ತಡ 193 ಇತ್ತು. ಕತ್ತಿನಲ್ಲಿ ತಲೆಯ ಕಡೆಗೆ ಹೋಗುವ ಅಪಧಮನಿಗೆ ಕೆರೋಟಿಡ್ ಎಂದು ಹೆಸರು. ಅದರೊಳಗೆ ತಲೆಯ ಮಟ್ಟದಲ್ಲಿ ಅಳೆದಾಗ 118 ಇತ್ತು. ವ್ಯತ್ಯಾಸ 75. ನಮ್ಮ 78ರ ಲೆಕ್ಕ ಹಾಕಿ: 75 ಕಡಿಮೆಯಾಗಿದೆ ಎಂದರೆ ರಕ್ತ ಒಂದು ಮೀಟರಿಗೆ ಸ್ವಲ್ಪ ಕಡಿಮೆ ಏರಿದೆ. ಈ ಐದು ಪ್ರಾಣಿಗಳು ಪೂರ್ಣ ಬೆಳೆದ ಎತ್ತರದ ಗಂಡುಗಳಲ್ಲ ಎಂಬುದೂ ಇದರಿಂದಲೇ ನಿಮಗೆ ತಿಳಿಯುತ್ತದೆ. ತಲೆಗೆ ಸಿಕ್ಕ 118 ಮಾತ್ರ ಯಾವ ಪ್ರಾಣಿಯ ಮೆದುಳಿಗಾದರೂ ಯಥೇಷ್ಟ.

ಇನ್ನು ಇಳಿಯುವ ಕಡೆ ನೋಡೋಣ. ತಲೆಯಿಂದ ಕೆಳಗೆ ಬರುವ ದೊಡ್ಡ ಅಭಿಧಮನಿಯ ಹೆಸರು ಜುಗುಲರ್. ಹೃದಯದ ಹತ್ತಿರ ಅಭಿಧಮನಿಯ ಒತ್ತಡ 4 ಇತ್ತು. ಸೈಫನ್ ಪೂರ್ತಿಯಾಗಿ ಕೆಲಸ ಮಾಡುತ್ತಿದ್ದರೆ, ತಲೆಯ ಮಟ್ಟದಲ್ಲಿ ಅದು 75ರಷ್ಟು ಕಡಿಮೆಯಾಗಿರಬೇಕಿತ್ತು. 4ರಲ್ಲಿ 75 ಕಳೆದರೆ ಸೊನ್ನೆಗಿಂತ 71 ಕೆಳಗೆ. ನಿಜವಾಗಿ ಅಳೆದಾಗ ಸಿಕ್ಕಿದ್ದು ಸೊನ್ನೆಗಿಂತ 7 ಕೆಳಗೆ ಮಾತ್ರ. ಸೆಳೆತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಾರಣವೂ ಅಲ್ಲೇ ಕಂಡಿತು. ಜುಗುಲರಿನ ಒಳ ಅಗಲವನ್ನು ಅಳೆದಾಗ ಅದರ ಅಡ್ಡಕೊಯ್ತದ ವಿಸ್ತೀರ್ಣ 0.14 ಚದರ ಸೆಂಟಿಮೀಟರ್, ಅಂದರೆ 14 ಚದರ ಮಿಲಿಮೀಟರ್ ಮಾತ್ರ. ಅಷ್ಟು ದೊಡ್ಡ ಪ್ರಾಣಿಯ ಮುಖ್ಯ ನಾಳ ಚಪ್ಪಟೆಯಾಗಿ, ಸಣ್ಣದೊಂದು ಸಂದಿ ಮಾತ್ರ ಉಳಿದಿತ್ತು. ನಿಮಿಷಕ್ಕೆ ಸುಮಾರು 0.7 ಲೀಟರ್ ರಕ್ತ ಆ ಸಂದಿಯಲ್ಲೇ ಇಳಿದುಬರುತ್ತಿತ್ತು. ಆದ್ದರಿಂದ ರಕ್ತವನ್ನು ಎತ್ತುವ ಕೆಲಸ ಹೃದಯದ್ದೇ. ಇಳಿಯುವ ರಕ್ತದಿಂದ ಅದಕ್ಕೆ ಹೇಳಿಕೊಳ್ಳುವಂಥ ನೆರವಿಲ್ಲ. ಇದು ಅರಿವಳಿಕೆಯಲ್ಲಿದ್ದ ಪ್ರಾಣಿಗಳ ಮಾತು ಎಂಬ ಮಿತಿಯನ್ನು ಮರೆಯಬಾರದು. ಆದರೂ ಸೈಫನ್ ಪಕ್ಷಕ್ಕೆ ಇದಕ್ಕೆ ಸರಿಯಾದ ಉತ್ತರ ಕೊಡುವುದು ಕಷ್ಟವೆಂದು ನನ್ನ ಅಭಿಪ್ರಾಯ.

ಈಗ ಜಿರಾಫೆ ನೀರು ಕುಡಿಯಲಿ. ಮುಂಗಾಲುಗಳನ್ನು ಅಗಲಿಸಿ ಅಥವಾ ಮಡಿಸಿ ಅದು ತಲೆಯನ್ನು ನೆಲದವರೆಗೆ ಇಳಿಸುತ್ತದೆ. ಹೃದಯಕ್ಕಿಂತ ಎರಡು ಮೀಟರ್ ಮೇಲಿದ್ದ ಮೆದುಳು ಕೆಲವೇ ಸೆಕೆಂಡುಗಳಲ್ಲಿ ಹೃದಯಕ್ಕಿಂತ ಕೆಳಗೆ ಬರುತ್ತದೆ. ಈಗ ಲೆಕ್ಕ ತಿರುಗುಮುರುಗು: 78ನ್ನು ಕಳೆಯುವ ಬದಲು ಕೂಡಿಸಬೇಕು. ಹೃದಯದ ಬಳಿ 200 ಹಾಗೆಯೇ ಉಳಿದು, ತಲೆ ಒಂದೂವರೆ ಮೀಟರ್ ಕೆಳಗಿದ್ದರೆ, ಅಲ್ಲಿಯ ಒತ್ತಡ 300 ದಾಟಿಹೋಗುತ್ತದೆ. ಮೆದುಳಿನ ಸೂಕ್ಷ್ಮ ನಾಳಗಳಿಗೆ ಅದು ಅಪಾಯದ ಮಾತು.

ಅದೇ ಪ್ರಯೋಗದಲ್ಲಿ ತಲೆಯನ್ನು ಇಳಿಸಿದಾಗ ಆದದ್ದನ್ನು ನೋಡಿ. ಚಪ್ಪಟೆಯಾಗಿದ್ದ ಜುಗುಲರ್ ಉಬ್ಬಿಕೊಂಡಿತು. 0.14 ಇದ್ದ ವಿಸ್ತೀರ್ಣ 3.2 ಚದರ ಸೆಂಟಿಮೀಟರಿಗೆ ಏರಿತು, ಇಪ್ಪತ್ತು ಪಟ್ಟಿಗೂ ಹೆಚ್ಚು. ಅದರೊಳಗೆ ಹೃದಯದ ಕಡೆಗೆ ಹರಿಯುವುದು ನಿಂತು, ಸುಮಾರು 1.2 ಲೀಟರ್ ರಕ್ತ ಕತ್ತಿನ ಅಭಿಧಮನಿಗಳಲ್ಲೇ ತಂಗಿತು. ಹೃದಯಕ್ಕೆ ಮರಳಿ ಬರುವ ರಕ್ತ ಕಡಿಮೆಯಾದ್ದರಿಂದ ಹೃದಯ ಹೊರಗೆ ದೂಡುವ ರಕ್ತವೂ ಶೇಕಡಾ 30ರಷ್ಟು ಇಳಿಯಿತು. ಅದರ ಜೊತೆಗೆ ಹೃದಯದ ಮಟ್ಟದ ಒತ್ತಡ 193ರಿಂದ 131ಕ್ಕೆ ಬಂತು. ಕೆರೋಟಿಡ್‌ನಲ್ಲಿ ತಲೆಗೆ ಹೋಗುವ ರಕ್ತದ ಪ್ರಮಾಣ ಮಾತ್ರ ಬದಲಾಗಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ತಲೆ ಕೆಳಗೆ ಬಂದಾಗ ಹೃದಯ ಅಷ್ಟು ಎತ್ತರಕ್ಕೆ ದೂಡಬೇಕಾಗಿಲ್ಲ. ಅಷ್ಟು ಒತ್ತಡವೂ ಬೇಡ. ಕತ್ತಿನ ನಾಳ ರಕ್ತವನ್ನು ಹಿಡಿದಿಟ್ಟುಕೊಂಡು ಹೃದಯದ ಒತ್ತಡವನ್ನು ತಾನೇ ತಗ್ಗಿಸಿತು. ಇದಕ್ಕೆ ನರಗಳ ಆಜ್ಞೆ ಬರುವವರೆಗೆ ಕಾಯಬೇಕಾಗಿಲ್ಲ. ಮೆತ್ತನೆಯ ನಾಳವಿದ್ದರೆ, ಗುರುತ್ವಾಕರ್ಷಣೆಯಿದ್ದರೆ ಸಾಕು, ತಲೆ ತಗ್ಗಿಸುವ ಕ್ರಿಯೆಯೇ ಒತ್ತಡವನ್ನೂ ತಗ್ಗಿಸುತ್ತದೆ. ತಲೆ ಮೇಲಿದ್ದಾಗ ಸೈಫನ್ ಆಗಲು ಬಿಡದ ಆ ಚಪ್ಪಟೆಯಾಗುವ ಗುಣವೇ ತಲೆ ಕೆಳಗಾದಾಗ ಉಪಕಾರಕ್ಕೆ ಬರುತ್ತದೆ.

ಇನ್ನೆರಡು ವ್ಯವಸ್ಥೆಗಳು ಇದಕ್ಕೆ ಜೊತೆಯಾಗುತ್ತವೆ. ಜುಗುಲರ್ ನಾಳದೊಳಗೆ ಕವಾಟಗಳಿವೆ. ಕವಾಟವೆಂದರೆ ಒಂದೇ ಕಡೆಗೆ ತೆರೆಯುವ ಪುಟ್ಟ ಬಾಗಿಲು. ಎದೆಯ ಕಡೆಯ ರಕ್ತ ತಗ್ಗಿದ ತಲೆಗೆ ಹಿಂದೆ ಸುರಿಯದಂತೆ ಅವು ತಡೆಯುತ್ತವೆ. ಎರಡನೆಯದು, ಮೆದುಳಿನ ಸುತ್ತ ಇರುವ ದ್ರವ. ಮೆದುಳು, ಬೆನ್ನುಹುರಿ ಎರಡನ್ನೂ ಆವರಿಸಿರುವ ಈ ದ್ರವ ಕತ್ತಿನುದ್ದಕ್ಕೂ ಹಬ್ಬಿದೆ. ತಲೆ ತಗ್ಗಿದಾಗ ನಾಳದೊಳಗಿನ ರಕ್ತದ ಒತ್ತಡ ಏರುವಂತೆ ನಾಳದ ಹೊರಗಿನ ಈ ದ್ರವದ ಒತ್ತಡವೂ ಏರುತ್ತದೆ. ನಾಳ ಒಡೆಯುವುದು ಒಳಗಿನ ಒತ್ತಡ ಎಷ್ಟಿದೆ ಎಂಬುದರಿಂದಲ್ಲ. ಒಳಗಿಗೂ ಹೊರಗಿಗೂ ವ್ಯತ್ಯಾಸ ಎಷ್ಟಿದೆ ಎಂಬುದರಿಂದ. ಎರಡೂ ಒಟ್ಟಿಗೆ ಏರಿದರೆ ವ್ಯತ್ಯಾಸ ಹೆಚ್ಚು ಬೆಳೆಯುವುದಿಲ್ಲ.

ಮೆದುಳಿನ ಬುಡದಲ್ಲಿ ಸಣ್ಣ ಅಪಧಮನಿಗಳ ಬಲೆಯೊಂದಿದೆ, ತಲೆ ತಗ್ಗಿದಾಗ ಒತ್ತಡವನ್ನು ಹೀರಿಕೊಳ್ಳುವುದು ಅದೇ ಎಂದು ನೀವು ಬೇರೆಡೆ ಓದಿರಬಹುದು. ಬಲೆ ಇರುವುದು ನಿಜ. ಆದರೆ ಅಂಥದೇ ಬಲೆ ನಮ್ಮ ಹಸು, ಆಡು, ಕುರಿಗಳ ತಲೆಯಲ್ಲೂ ಇದೆ. ಅವಕ್ಕೇನೂ ಉದ್ದ ಕತ್ತಿಲ್ಲ. ಮೆದುಳಿಗೆ ಹೋಗುವ ರಕ್ತವನ್ನು ತಂಪು ಮಾಡುವುದೇ ಅದರ ಮುಖ್ಯ ಕೆಲಸವೆಂದು ತೋರುತ್ತದೆ. ಜಿರಾಫೆಯ ಗುಟ್ಟೆಲ್ಲ ಈ ಬಲೆಯಲ್ಲಿದೆ ಎನ್ನುವ ವಿವರಣೆಯನ್ನು ನಾನು ಒಪ್ಪುವುದಿಲ್ಲ.

ನೀರು ಕುಡಿದ ಜಿರಾಫೆ ಸಿಂಹದ ಸುಳಿವು ಸಿಕ್ಕರೆ ತಟ್ಟನೆ ತಲೆ ಎತ್ತಬೇಕು. ನಾವು ಬಗ್ಗಿ ಕುಳಿತವರು ಥಟ್ಟನೆ ಎದ್ದರೆ ಕೆಲವೊಮ್ಮೆ ಕಣ್ಣು ಕತ್ತಲೆ ಬರುತ್ತದೆ. ಜಿರಾಫೆ ನಾಲ್ಕೈದು ಮೀಟರ್ ಮೇಲಕ್ಕೆ ತಲೆ ಎತ್ತಿದರೂ ಬವಳಿ ಬಂದು ಬೀಳುವುದಿಲ್ಲ. ಇಲ್ಲಿಯೂ ಅದೇ ಜುಗುಲರ್ ಕೆಲಸಕ್ಕೆ ಬರುತ್ತದೆ. ಪ್ರಯೋಗದಲ್ಲಿ ತಲೆ ಎತ್ತಿದ ಕೂಡಲೆ ಆ ನಾಳ ಮತ್ತೆ ಚಪ್ಪಟೆಯಾಗಿ, ಅದರಲ್ಲಿ ತಂಗಿದ್ದ ರಕ್ತ ಹೃದಯಕ್ಕೆ ಇಳಿಯಿತು. ಹೃದಯಕ್ಕೆ ಒಮ್ಮೆಲೇ ಹೆಚ್ಚು ರಕ್ತ ಸಿಕ್ಕಿದ್ದರಿಂದ ಅದು ಹೊರಗೆ ದೂಡುವ ಪ್ರಮಾಣ ಹಿಂದಿನ ಮಟ್ಟಕ್ಕೆ ಬಂತು. ಅತಿ ಹೆಚ್ಚು ಒತ್ತಡ ಬೇಕಾದ ಗಳಿಗೆಯಲ್ಲೇ ಅದಕ್ಕೆ ಬೇಕಾದ ರಕ್ತವೂ ಹೃದಯಕ್ಕೆ ಬಂದು ಸೇರುತ್ತದೆ.

ಕಾಲುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು. ತಲೆಗಾಗಿ ಏರಿಸಿಕೊಂಡ ಒತ್ತಡ ಕಾಲಿಗೂ ಹೋಗುತ್ತದೆ. ಹೃದಯದ 200ಕ್ಕೆ ಎರಡು ಮೀಟರ್ ಇಳಿಜಾರಿನ 156 ಕೂಡಿಸಿದರೆ ಪಾದದ ಬಳಿ 350ರ ಆಸುಪಾಸು. ಮನುಷ್ಯರಾಗಿದ್ದರೆ ನಾಳಗಳಿಂದ ನೀರು ಜಿನುಗಿ ಕಾಲು ಬಾವು ಬರುತ್ತಿತ್ತು. ಜಿರಾಫೆಯ ಮೊಣಕಾಲಿನ ಕೆಳಗೆ ಅಪಧಮನಿಗಳು ದಪ್ಪ ಗೋಡೆಯ, ಕಿರಿದಾದ ನಾಳಗಳಾಗುತ್ತವೆ. ಚರ್ಮವೂ ಬಿಗಿಯಾಗಿ ಸುತ್ತಿಕೊಂಡಿದ್ದು ದ್ರವ ಹೊರಗೆ ನಿಲ್ಲಲು ಜಾಗ ಕೊಡುವುದಿಲ್ಲ.

ಈ ವ್ಯವಸ್ಥೆಯೆಲ್ಲ ಎಷ್ಟು ಸೂಕ್ಷ್ಮವೆಂದು ಚೆನ್ನಾಗಿ ಬಲ್ಲವರು ವನ್ಯಜೀವಿ ವೈದ್ಯರು. ಜಿರಾಫೆಯನ್ನು ಸ್ಥಳಾಂತರಿಸಲೋ ಚಿಕಿತ್ಸೆಗೋ ಔಷಧದ ಬಾಣ ಹೊಡೆದು ಕೆಡವಬೇಕಾದಾಗ ಅವರು ಹೆದರುವುದು ಇದಕ್ಕೇ. ಔಷಧ ಉಸಿರಾಟವನ್ನು ಕುಗ್ಗಿಸುತ್ತದೆ, ರಕ್ತದೊತ್ತಡದ ಹಿಡಿತವನ್ನು ಸಡಿಲಿಸುತ್ತದೆ. ತಲೆ ತಗ್ಗಿನಲ್ಲಿ ಉಳಿದರೆ ಹೊಟ್ಟೆಯಲ್ಲಿರುವ ಮೇವು ಬಾಯಿಗೆ ಬಂದು ಶ್ವಾಸನಾಳಕ್ಕೆ ನುಗ್ಗುವ ಅಪಾಯವೂ ಉಂಟು. ಆದ್ದರಿಂದ ಬಯಲಿನಲ್ಲಿ ಕೆಲಸ ಮಾಡುವ ತಂಡಗಳು ಪ್ರಾಣಿ ನೆಲಕ್ಕೆ ಬಿದ್ದ ಕೂಡಲೇ ಮದ್ದಿಗೆ ಪ್ರತಿಮದ್ದು ಕೊಟ್ಟುಬಿಡುತ್ತವೆ. ಅಲ್ಲಿಂದ ಮುಂದೆ ಕಣ್ಣಿಗೆ ಬಟ್ಟೆ ಕಟ್ಟಿ, ಉದ್ದ ಕತ್ತನ್ನು ಕೆಲವರು ಕೈಯಿಂದಲೇ ಅದುಮಿ ಹಿಡಿದಿರುತ್ತಾರೆ. ಏಳಲು ತಲೆ ಎತ್ತಿ ಬೀಸಲಾಗದ ಜಿರಾಫೆ ಎದ್ದು ನಿಲ್ಲಲಾರದು. ಅದಕ್ಕೇ ಪ್ರಜ್ಞೆಯಲ್ಲಿರುವ ಪ್ರಾಣಿಯನ್ನೂ ಹೀಗೆ ಹಿಡಿದಿಡಲು ಆಗುತ್ತದೆ.

ಮುಂದಿನ ಸಲ ಜಿರಾಫೆಯ ಎದುರು ನಿಂತಾಗ ನೀವೇ ಒಂದು ಲೆಕ್ಕ ಮಾಡಿ ನೋಡಿ. ಮುಂಗಾಲಿನ ಬುಡದ ಹಿಂದೆ, ಎದೆಯ ಕೆಳಭಾಗದಲ್ಲಿ ಹೃದಯವಿದೆ ಎಂದು ಗುರುತು ಮಾಡಿಕೊಳ್ಳಿ. ಅಲ್ಲಿಂದ ಕಿವಿಯ ಬುಡಕ್ಕೆ ನೇರ ಎತ್ತರ ಎಷ್ಟು ಮೀಟರ್ ಇರಬಹುದೆಂದು ಅಂದಾಜು ಮಾಡಿ. ಕತ್ತು ಓರೆಯಾಗಿದ್ದರೆ ಕತ್ತಿನ ಉದ್ದವನ್ನು ಎಣಿಸಬೇಡಿ, ನೆಟ್ಟನೆಯ ಎತ್ತರ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದನ್ನು 78ರಿಂದ ಗುಣಿಸಿ, ಮೆದುಳಿಗೆ ಬೇಕಾದ ಪಾಲೆಂದು 80 ಸೇರಿಸಿ. ಬರುವ ಸಂಖ್ಯೆ, ನಿಮ್ಮೆದುರು ಸುಮ್ಮನೆ ಎಲೆ ಮೇಯುತ್ತಿರುವ ಆ ಪ್ರಾಣಿಯ ಹೃದಯದ ಬಳಿ ಕನಿಷ್ಠ ಎಷ್ಟು ರಕ್ತದೊತ್ತಡ ಇರಲೇಬೇಕೆಂಬುದರ ಅಂದಾಜು.